ರಾತ್ರಿ ಸರಿಯಿದ್ದ ಕಿವಿ ಬೆಳಿಗ್ಗೆ ಕೇಳ್ತಿಲ್ಲ: ಮೊದಲ ದಿನದಿಂದ ಆರನೇ ವಾರದವರೆಗೆ ಏನೇನು ಮಾಡ್ಬೇಕು

ನಾನು ಆಡಿಯಾಲಜಿಸ್ಟ್, ಮಲೆನಾಡಿನ ಒಂದು ಊರಲ್ಲಿ ಇಎನ್‌ಟಿ ಡಾಕ್ಟರ್ ಜೊತೆ ಕೆಲಸ ಮಾಡ್ತೀನಿ. ಕಿವಿ ಟೆಸ್ಟ್ ಮಾಡೋದು ನನ್ನ ಕೆಲಸ, ಔಷಧಿ ಬರೆಯೋದು ಡಾಕ್ಟರ್ ಕೆಲಸ. ನನ್ನ ಹತ್ರ ಬರೋರಲ್ಲಿ ವಯಸ್ಸಾಗಿ ನಿಧಾನಕ್ಕೆ ಕಿವಿ ಮಂದ ಆದೋರೇ ಜಾಸ್ತಿ, ಅವರು ಇವತ್ತು ಬಂದ್ರೂ ಒಂದೇ ಮುಂದಿನ ತಿಂಗಳು ಬಂದ್ರೂ ಒಂದೇ. ಆದ್ರೆ ಇನ್ನೊಂದು ಥರದ ಕೇಸ್ ಇದೆ, ರಾತ್ರಿ ಮಲಗೋವಾಗ ಸರಿ ಇತ್ತು, ಬೆಳಿಗ್ಗೆ ಎದ್ರೆ ಒಂದು ಕಿವಿ ಕೇಳ್ತಿಲ್ಲ, ನೋವಿಲ್ಲ, ಸೋರ್ತಿಲ್ಲ, ಜ್ವರ ಇಲ್ಲ. ನೋವಿಲ್ಲ ಅನ್ನೋದೇ ಇಲ್ಲಿ ಮೋಸ. ಹಲ್ಲು ನೋವು ಬಂದ್ರೆ ಅದೇ ದಿನ ಓಡೋ ಜನ ಇದಕ್ಕೆ ಮಾತ್ರ ಎರಡು ವಾರ ಕಾಯ್ತಾರೆ.

ಮೊನ್ನೆ ಮೊನ್ನೆ ಬಂದಿದ್ದ ಒಬ್ಬರ ಕಥೆ ಹೇಳ್ತೀನಿ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದ್ದೀನಿ. ನಲವತ್ತಾರು ವರ್ಷ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋರು. ಸೋಮವಾರ ಬೆಳಿಗ್ಗೆ ಫೋನ್ ಬಲಗಿವಿಗೆ ಇಟ್ರೆ ಆಚೆಯವರ ಮಾತೇ ಇಲ್ಲ, ಫೋನೇ ಕೆಟ್ಟಿದೆ ಅಂದ್ಕೊಂಡ್ರು. ಎಡಗಿವಿಗೆ ಇಟ್ರೆ ಕೇಳ್ತು. ಭಾನುವಾರ ಎಣ್ಣೆ ನೀರು ಹಾಕ್ಕೊಂಡಿದ್ದು ನೆನಪಾಗಿ, ನೀರು ಹೋಗಿರ್ಬೇಕು ಬಿಡು ಅಂತ ಸುಮ್ಮನಾದ್ರು. ಮಂಗಳವಾರ ಮನೆಯವರು ಬೆಳ್ಳುಳ್ಳಿ ಹಾಕಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಬಿಟ್ರು. ಗುರುವಾರ ಮೆಡಿಕಲ್ ಶಾಪಲ್ಲಿ ಗುಗ್ಗೆ ಕರಗಿಸೋ ಡ್ರಾಪ್ಸ್. ಶನಿವಾರ ಹತ್ತಿರದ ಕ್ಲಿನಿಕ್ಕಲ್ಲಿ ಶೀತ ಆಗಿ ಕಿವಿ ಕಟ್ಟಿದೆ ಅಂತ ಐದು ದಿನದ ಮಾತ್ರೆ. ನಮ್ಮ ಹತ್ರ ಬಂದಾಗ ಹನ್ನೊಂದನೇ ದಿನ. ಇದರಲ್ಲಿ ಯಾರೂ ಪೆದ್ದುತನ ಮಾಡಿಲ್ಲ ನೋಡಿ, ಪ್ರತಿ ಹೆಜ್ಜೆನೂ ನಮ್ಮ ನಿಮ್ಮ ಮನೇಲಿ ಮಾಡೋದೇ, ಆದ್ರೂ ಹತ್ತು ದಿನ ಹೋಯ್ತು.

ಒಳಗೆ ಏನಾಗಿರತ್ತೆ

ಕಿವಿ ಕೇಳದೇ ಇರೋಕೆ ಎರಡು ಥರ ಕಾರಣ. ಒಂದು, ಶಬ್ದ ಒಳಗೆ ಹೋಗೋ ದಾರಿಯಲ್ಲಿ ಅಡ್ಡ: ಗುಗ್ಗೆ, ನೀರು, ಕಿವಿ ತಮಟೆ ಹಿಂದೆ ಶೀತದ ದ್ರವ. ಇದು ಸರಿಹೋಗತ್ತೆ, ಅವಸರ ಇಲ್ಲ. ಇನ್ನೊಂದು, ದಾರಿ ಪೂರ್ತಿ ಖಾಲಿ ಇದೆ, ಆದ್ರೆ ಒಳಗಿವಿಯ ಬಸವನಹುಳು ಆಕಾರದ ಕಾಕ್ಲಿಯಾ ಅಥವಾ ಅಲ್ಲಿಂದ ಮೆದುಳಿಗೆ ಹೋಗೋ ನರ ಕೈಕೊಟ್ಟಿದೆ. ಮೂರು ದಿನದ ಒಳಗೆ, ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಯಲ್ಲಿ, ಅಂದ್ರೆ ದಪ್ಪ ಸ್ವರದಿಂದ ಕೀರಲು ಸ್ವರದವರೆಗಿನ ಮೂರು ಮೆಟ್ಟಿಲಲ್ಲಿ, 30 ಡೆಸಿಬಲ್ ಅಥವಾ ಜಾಸ್ತಿ ಕೇಳೋ ಶಕ್ತಿ ಈ ಥರ ಹೋದ್ರೆ ಅದನ್ನ ಡಾಕ್ಟರುಗಳು ಸಡನ್ ಸೆನ್ಸರಿನ್ಯೂರಲ್ ಹಿಯರಿಂಗ್ ಲಾಸ್ ಅಂತಾರೆ. 2024ರ ಜೂನಲ್ಲಿ ಗಾಯಕಿ ಅಲ್ಕಾ ಯಾಗ್ನಿಕ್ ಅವರು ವಿಮಾನ ಇಳಿದು ಬರೋವಾಗ ಇದ್ದಕ್ಕಿದ್ದಂಗೆ ಕೇಳೋದು ನಿಂತೋಯ್ತು ಅಂತ ಬರೆದಾಗ ಈ ಕಾಯಿಲೆ ಹೆಸರು ಸ್ವಲ್ಪ ದಿನ ಎಲ್ಲರ ಬಾಯಲ್ಲಿತ್ತು, ಆಮೇಲೆ ಮರೆತೋಯ್ತು.

ಒಳಗಿವಿಗೆ ರಕ್ತ ತರೋದು ಒಂದೇ ಒಂದು ಸಣ್ಣ ರಕ್ತನಾಳ, ಅದು ಕಟ್ಟಿಕೊಂಡ್ರೆ ಬದಲಿ ದಾರಿ ಇಲ್ಲ. ಶಬ್ದ ಹಿಡಿಯೋ ಕೂದಲ ಕಣಗಳು ಒಂದೊಂದು ಕಿವಿಯಲ್ಲಿ ಸುಮಾರು 15,000 ಇರತ್ತೆ, ಮನುಷ್ಯರಲ್ಲಿ ಅವು ಸತ್ರೆ ಮತ್ತೆ ಹುಟ್ಟಲ್ಲ. ಯಾಕೆ ಹೀಗಾಯ್ತು ಅಂತ ಹತ್ತರಲ್ಲಿ ಒಂಬತ್ತು ಜನಕ್ಕೆ ಕಾರಣ ಸಿಗೋದೇ ಇಲ್ಲ, ವೈರಸ್ ಇರ್ಬಹುದು, ರಕ್ತ ಸಂಚಾರ ನಿಂತಿರ್ಬಹುದು, ದೇಹದ ರಕ್ಷಣಾ ವ್ಯವಸ್ಥೆನೇ ತಿರುಗಿಬಿದ್ದಿರ್ಬಹುದು. "ನಾನೇನು ತಪ್ಪು ಮಾಡ್ದೆ ಮೇಡಂ, ಇಯರ್‌ಫೋನ್ ಹಾಕಿದ್ದಕ್ಕಾ" ಅಂತ ತುಂಬಾ ಜನ ಕೇಳ್ತಾರೆ. ಸಾಮಾನ್ಯವಾಗಿ ಅಲ್ಲ.

ಹೆಜ್ಜೆ 1: ಹಾಸಿಗೆಯಲ್ಲೇ ಎರಡು ನಿಮಿಷದ ಪರೀಕ್ಷೆ

ಮೊದಲು ಫೋನ್. ಯಾರಿಗಾದ್ರೂ ಕಾಲ್ ಮಾಡಿ, ಸ್ಪೀಕರ್ ಬೇಡ, ಒಂದು ಕಿವಿಗೆ ಇಟ್ಟು ಕೇಳಿ, ಆಮೇಲೆ ಇನ್ನೊಂದಕ್ಕೆ. ಮಾತು ಸಣ್ಣಗೆ ಕೇಳ್ತಿದ್ಯಾ, ಅಥವಾ ಕೇಳ್ತಿದೆ ಆದ್ರೆ ಒಡೆದ ರೇಡಿಯೋ ಥರ ಇದ್ಯಾ ಅಂತ ಗಮನಿಸಿ. ಒಡೆದಂಗೆ, ರೋಬೋಟ್ ಮಾತಾಡಿದಂಗೆ ಕೇಳಿದ್ರೆ ಒಳಗಿವಿ ಮೇಲೆ ಅನುಮಾನ ಜಾಸ್ತಿ.

ಆಮೇಲೆ ಬಾಯಿ ಮುಚ್ಚಿ "ಹ್ಮ್‌ಮ್‌ಮ್" ಅಂತ ಗುನುಗಿ. ಅಭ್ಯಾಸಕ್ಕೆ ಮೊದಲು ಸರಿ ಇರೋ ಕಿವಿಯನ್ನ ಬೆರಳಲ್ಲಿ ಮುಚ್ಚಿ ಗುನುಗಿ ನೋಡಿ, ಮುಚ್ಚಿದ ಕಡೆಯೇ ಜೋರಾಗಿ ಕೇಳತ್ತೆ, ವಿಚಿತ್ರ ಅನ್ಸತ್ತೆ ಆದ್ರೆ ಹಂಗೇ. ದಾರಿಯಲ್ಲಿ ಅಡ್ಡ ಇದ್ದಾಗಲೂ ಹೀಗೇ ಆಗತ್ತೆ. ಈಗ ಬೆರಳು ತೆಗೆದು ಗುನುಗಿ. ಗುನುಗು ಕೇಳದ ಕಿವಿಯಲ್ಲೇ ಜೋರಾಗಿದ್ರೆ ಗುಗ್ಗೆ ಅಥವಾ ಶೀತ ಇರ್ಬಹುದು. ಸರಿ ಇರೋ ಕಿವಿ ಕಡೆಗೇ ಹೋದ್ರೆ ಕೇಳದ ಕಿವಿಯ ನರದ ಸಮಸ್ಯೆ ಇರ್ಬಹುದು. ಡಾಕ್ಟರ್ ಹಣೆ ಮೇಲೆ 512 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ ಇಟ್ಟು ಕೇಳೋದೂ ಇದನ್ನೇ.

ಆದ್ರೆ ಇದನ್ನ ನಂಬ್ಕೊಂಡು ಮನೇಲಿ ಕೂರಬೇಡಿ. ಗುನುಗು ಯಾವ ಕಡೆ ಅಂತ ಎಷ್ಟೋ ಜನಕ್ಕೆ ಗೊತ್ತಾಗಲ್ಲ, ಗೊತ್ತಾದ್ರೂ ತಪ್ಪಾಗ್ಬಹುದು. ಗುನುಗು ಸರಿ ಕಿವಿ ಕಡೆ ಹೋದ್ರೆ ಇವತ್ತೇ ಹೊರಡಿ. ಕೇಳದ ಕಿವಿ ಕಡೆ ಬಂದ್ರೂ ತೋರಿಸಿಕೊಳ್ಳಿ, ಸ್ವಲ್ಪ ಧೈರ್ಯವಾಗಿ ಹೋಗಬಹುದು ಅಷ್ಟೇ ವ್ಯತ್ಯಾಸ. ಜೊತೆಗೆ ಗುಯ್ ಅನ್ನೋ ಶಬ್ದ, ಕಿವಿ ತುಂಬಿದಂಗೆ ಭಾರ, ತಲೆಸುತ್ತು ಇದ್ರೆ ಬರೆದಿಟ್ಕೊಳ್ಳಿ. ಆ "ತುಂಬಿದಂಗೆ" ಅನ್ನೋ ಅನುಭವವೇ ಎಲ್ಲರನ್ನೂ ದಾರಿ ತಪ್ಪಿಸೋದು, ನರದ ಸಮಸ್ಯೆಯಲ್ಲೂ ಕಿವಿ ಕಟ್ಟಿದಂಗೇ ಅನ್ಸತ್ತೆ. ನಮ್ಮ ಮಂಡಿ ಲೆಕ್ಕದವರು ಹನ್ನೊಂದನೇ ದಿನವೂ "ಹತ್ತಿ ತುಂಬಿದಂಗಿದೆ, ಸ್ವಲ್ಪ ಕ್ಲೀನ್ ಮಾಡಿಬಿಡಿ ಮೇಡಂ" ಅಂತಲೇ ಅಂದಿದ್ದು. ಕಿವಿ ಒಳಗೆ ನೋಡಿದ್ರೆ ಆ ಬೆಳ್ಳುಳ್ಳಿ ಎಣ್ಣೆ ಜಿಡ್ಡು ಬಿಟ್ರೆ ಏನೂ ಇಲ್ಲ, ತಮಟೆ ಹೊಳೀತಾ ಇತ್ತು.

ಹೆಜ್ಜೆ 2: ಆಂಬುಲೆನ್ಸ್ ಬೇಕಾ ಅಂತ ಮೊದಲು ನೋಡಿ

ಕಿವಿ ಕೇಳದೇ ಇರೋದರ ಜೊತೆ ಮುಖ ಒಂದು ಕಡೆ ವಾಲಿದ್ರೆ, ಮಾತು ತೊದಲಿದ್ರೆ, ಒಂದು ವಸ್ತು ಎರಡಾಗಿ ಕಂಡ್ರೆ, ಕೈಕಾಲಲ್ಲಿ ಶಕ್ತಿ ಕಮ್ಮಿ ಆಗಿದ್ರೆ, ನಿಂತ್ಕೊಂಡ್ರೆ ಬೀಳೋ ಹಂಗಾಗ್ತಿದ್ರೆ ಕಿವಿ ಡಾಕ್ಟರ್ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ. ಒಳಗಿವಿಗೆ ರಕ್ತ ಕೊಡೋ ನಾಳ ಮೆದುಳಿನ ಹಿಂಭಾಗಕ್ಕೆ ರಕ್ತ ಕೊಡೋ ನಾಳದಿಂದಲೇ ಕವಲೊಡೆಯೋದು, ಹಂಗಾಗಿ ಕೆಲವೊಮ್ಮೆ ಇದು ಸ್ಟ್ರೋಕ್ ಆಗಿರತ್ತೆ. ತಲೆಗೆ ಪೆಟ್ಟು ಬಿದ್ದ ಮೇಲೆ ಹೀಗಾದ್ರೂ ಎಮರ್ಜೆನ್ಸಿಯೇ. ಕಿವಿ ಸುತ್ತ ಗುಳ್ಳೆ ಎದ್ದು ವಿಪರೀತ ನೋವಿದ್ದು ಮುಖವೂ ವಾಲ್ತಿದ್ರೆ ಸರ್ಪಸುತ್ತಿನ ವೈರಸ್ ಇರ್ಬಹುದು, ಅದಕ್ಕೆ ಬೇರೆ ಔಷಧಿ, ಅದೂ ಅದೇ ದಿನ ಬೇಕು.

ಹೆಜ್ಜೆ 3: ಕಿವಿಗೆ ಏನೂ ಹಾಕದೆ ಇಎನ್‌ಟಿ ಹತ್ರ ಹೋಗಿ, ಅಲ್ಲಿ ಸರಿಯಾದ ಮಾತು ಹೇಳಿ

ಎಣ್ಣೆ, ಡ್ರಾಪ್ಸ್, ಬಡ್ಸ್, ಕೀ ಗೊಂಚಲಿನ ತುದಿ, ಯಾವುದೂ ಬೇಡ. ಎಣ್ಣೆಯಿಂದ ನರಕ್ಕೇನೂ ಆಗಲ್ಲ, ಆದ್ರೆ ದಿನ ಹೋಗತ್ತೆ, ಡಾಕ್ಟರ್‌ಗೆ ತಮಟೆ ಕಾಣಲ್ಲ.

ರಿಸೆಪ್ಷನ್ನಲ್ಲಿ "ಕಿವಿ ಕಟ್ಟಿದೆ" ಅಂದ್ರೆ ನಿಮಗೆ ಮುಂದಿನ ಗುರುವಾರದ ಟೋಕನ್ ಸಿಗತ್ತೆ. ಹೀಗೆ ಹೇಳಿ: "ನಿನ್ನೆ ರಾತ್ರಿ ಇಷ್ಟು ಗಂಟೆವರೆಗೆ ಸರಿ ಇತ್ತು, ಇವತ್ತು ಎದ್ದಾಗಿಂದ ಬಲಗಿವಿ ಕೇಳ್ತಿಲ್ಲ, ನೋವಿಲ್ಲ, ಇವತ್ತೇ ನೋಡ್ಬೇಕು, ಕಿವಿ ಟೆಸ್ಟೂ ಆಗ್ಬೇಕು." ಇದನ್ನ ಕೇಳಿದ ಯಾವ ಇಎನ್‌ಟಿ ಡಾಕ್ಟರೂ ಕಾಯಿಸಲ್ಲ, ಕಾಯಿಸಿದ್ರೆ ಬೇರೆ ಕಡೆ ಹೋಗಿ. ಹಳ್ಳಿಯಲ್ಲಿದ್ದು ಮೊದಲು ಸಿಗೋದು ಪಿಎಚ್‌ಸಿ ಡಾಕ್ಟರೇ ಆದ್ರೆ ಅಲ್ಲಿಗೇ ಹೋಗಿ, ಕಿವಿ ಒಳಗೆ ಟಾರ್ಚ್ ಹಾಕಿ ಗುಗ್ಗೆ ಇದ್ಯಾ ಅಂತ ನೋಡ್ಲಿ. ಕಿವಿ ಕ್ಲೀನಾಗಿದೆ, ತಮಟೆ ಚೆನ್ನಾಗಿದೆ, ಆದ್ರೂ ಕೇಳ್ತಿಲ್ಲ ಅಂದ್ರೆ ಆ "ಎಲ್ಲ ಚೆನ್ನಾಗಿದೆ" ಅನ್ನೋದು ಸಮಾಧಾನದ ಮಾತಲ್ಲ, ಅದೇ ಅಪಾಯದ ಸೂಚನೆ, ಜಿಲ್ಲಾಸ್ಪತ್ರೆ ಇಎನ್‌ಟಿಗೆ ಚೀಟಿ ಬರೆಸ್ಕೊಳ್ಳಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ, ಎಲ್ಲರೂ ಆಯಿಷ್ ಅಂತಾರಲ್ಲ ಅದೇ, ಈ ಟೆಸ್ಟುಗಳಿಗೆ ಅದಕ್ಕಿಂತ ಒಳ್ಳೆ ಜಾಗ ನಮ್ಮ ರಾಜ್ಯದಲ್ಲಿ ನನಗೆ ಗೊತ್ತಿಲ್ಲ. ನಾನು ಓದಿದ್ದೂ ಅಲ್ಲೇ, ಹಂಗಾಗಿ ಸ್ವಲ್ಪ ಪಕ್ಷಪಾತ ಇರ್ಬಹುದು.

ಹೆಜ್ಜೆ 4: ಆಡಿಯೋಗ್ರಾಂ, ಅದರಲ್ಲಿ ಒಂದು ವಿಷಯ ನೀವೇ ಗಮನಿಸಬೇಕು

ಆಡಿಯೋಗ್ರಾಂ ಅನ್ನೋದು ಪ್ಯೂರ್ ಟೋನ್ ಟೆಸ್ಟಿನ ರಿಪೋರ್ಟ್. ಆ ಟೆಸ್ಟಿಗೆ ಹೊರಗಿನ ಸೌಂಡ್ ಬರದ ರೂಮಲ್ಲಿ ಹೆಡ್‌ಫೋನ್ ಹಾಕಿ ಕೂರಿಸ್ತೀವಿ, ಸಣ್ಣ ಪೀಪಿ ಶಬ್ದ ಕೇಳಿದಾಗೆಲ್ಲ ಬಟನ್ ಒತ್ತಬೇಕು. ಆಮೇಲೆ ಕಿವಿ ಹಿಂದಿನ ಮೂಳೆಗೆ ಒಂದು ವೈಬ್ರೇಟರ್ ಇಟ್ಟು ಅದನ್ನೇ ಮತ್ತೆ ಮಾಡ್ತೀವಿ. ಹೆಡ್‌ಫೋನಲ್ಲೂ ಮೂಳೆಯಲ್ಲೂ ಒಂದೇ ಥರ ಕಮ್ಮಿ ಇದ್ರೆ ಒಳಗಿವಿ ಅಥವಾ ನರ.

ಈಗ ಮುಖ್ಯ ವಿಷಯ. ಕೇಳದ ಕಿವಿಗೆ ಜೋರಾಗಿ ಶಬ್ದ ಕೊಟ್ರೆ ಅದು ತಲೆಬುರುಡೆ ಮೂಲಕ ದಾಟಿ ಸರಿ ಇರೋ ಕಿವಿಗೆ ಹೋಗತ್ತೆ, ನೀವು ಪ್ರಾಮಾಣಿಕವಾಗಿಯೇ ಬಟನ್ ಒತ್ತುತ್ತೀರಿ, ಆದ್ರೆ ಉತ್ತರ ಕೊಟ್ಟಿದ್ದು ಇನ್ನೊಂದು ಕಿವಿ. ಮೂಳೆಗೆ ವೈಬ್ರೇಟರ್ ಇಟ್ಟಾಗಂತೂ ಎರಡೂ ಕಿವಿಗೆ ಹತ್ತಿರಹತ್ತಿರ ಒಂದೇ ಸಮ ಹೋಗತ್ತೆ. ಅದಕ್ಕೇ ಸರಿ ಇರೋ ಕಿವಿಗೆ ಮಳೆ ಸುರಿದಂಗೆ "ಶ್‌ಶ್" ಅನ್ನೋ ಶಬ್ದ ಕೊಟ್ಟು ಅದನ್ನ ಬ್ಯುಸಿ ಇಡ್ತೀವಿ, ಮಾಸ್ಕಿಂಗ್ ಅಂತಾರೆ. ಒಂದು ಕಿವಿ ಮಾತ್ರ ಹೋಗಿರೋ ಕೇಸಲ್ಲಿ ಟೆಸ್ಟ್ ಪೂರ್ತಿ ಮುಗಿದ್ರೂ ಒಮ್ಮೆಯೂ ಆ ಶ್‌ಶ್ ಶಬ್ದ ಕೇಳದೇ ಇದ್ರೆ, "ಮಾಸ್ಕಿಂಗ್ ಮಾಡಿದ್ರಾ" ಅಂತ ಕೇಳಿ, ನಾಚ್ಕೋಬೇಡಿ. ಮಾಸ್ಕಿಂಗ್ ಇಲ್ಲದ ರಿಪೋರ್ಟಲ್ಲಿ ಪೂರ್ತಿ ಸತ್ತ ಕಿವಿಯೂ ಸುಮಾರಾಗಿ ಕೇಳತ್ತೆ ಅಂತ ಬರತ್ತೆ, ಮೂಳೆಯಲ್ಲಿ ಚೆನ್ನಾಗಿ ಕೇಳತ್ತೆ ಅಂತ ಬರತ್ತೆ, ಅದನ್ನ ನೋಡಿ "ಶೀತದ್ದೇ" ಅಂತ ಕಳಿಸಿಬಿಟ್ಟ ಕೇಸ್ ನಾನು ನೋಡಿದ್ದೀನಿ.

ಮಂಡಿ ಲೆಕ್ಕದವರದ್ದು ಎಡಗಿವಿ ಎಲ್ಲ ಕಡೆ 20 ಡೆಸಿಬಲ್ ಒಳಗೆ, ಅಂದ್ರೆ ನಾರ್ಮಲ್. ಬಲಗಿವಿ 500 ಹರ್ಟ್ಜ್‌ನಲ್ಲಿ 55, 1000ದಲ್ಲಿ 65, 2000ದಲ್ಲಿ 70, 4000ದಲ್ಲಿ 75. ಸರಾಸರಿ 66. ಸಂಖ್ಯೆ ದೊಡ್ಡದಾದಷ್ಟೂ ಕಿವಿ ಕೆಟ್ಟಿದೆ ಅಂತ ಅರ್ಥ, ಪಕ್ಕದಲ್ಲಿ ಕೂತು ಮಾತಾಡಿದ್ರೂ ಆ ಕಿವಿಗೆ ಕೇಳಲ್ಲ.

ಕಾದ್ರೆ ಏನಾಗತ್ತೆ, ತಾನಾಗೇ ಸರಿಹೋಗಲ್ವಾ

ಹೋಗತ್ತೆ, ಕೆಲವರಿಗೆ. ಇದನ್ನ ಮುಚ್ಚಿಡಬಾರದು. ಏನೂ ಔಷಧಿ ಇಲ್ಲದೇ ಸ್ವಲ್ಪವಾದ್ರೂ ವಾಪಸ್ ಬರೋರು ನೂರಕ್ಕೆ 32ರಿಂದ 65 ಜನ ಅಂತ ಬೇರೆ ಬೇರೆ ಅಧ್ಯಯನ ಹೇಳತ್ತೆ, ಅದೂ ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ನಿಮ್ಮ ಪಕ್ಕದ ಮನೆಯವರು "ನಂಗೂ ಹಿಂಗೇ ಆಗಿತ್ತು, ನಾಲ್ಕು ದಿನಕ್ಕೆ ಸರಿಹೋಯ್ತು" ಅಂದ್ರೆ ಅವರು ಸುಳ್ಳು ಹೇಳ್ತಿಲ್ಲ. ಆದ್ರೆ ಮೊದಲ ದಿನ ಯಾವ ಟೆಸ್ಟ್ ಮಾಡಿದ್ರೂ ನೀವು ಯಾವ ಗುಂಪು ಅಂತ ಹೇಳೋಕಾಗಲ್ಲ. ತಲೆಸುತ್ತು ಇದ್ರೆ, ಕಿವಿ ಪೂರ್ತಿ ಹೋಗಿದ್ರೆ, ವಯಸ್ಸು ಜಾಸ್ತಿ ಇದ್ರೆ ವಾಪಸ್ ಬರೋ ಸಾಧ್ಯತೆ ಕಮ್ಮಿ ಅಂತಷ್ಟೇ ಗೊತ್ತು.

ಮತ್ತೆ ನೀವು ಗುಂಪು ಗೊತ್ತಾಗೋವರೆಗೆ ಕಾಯ್ತೀನಿ ಅಂದ್ರೆ, ಸಿಕ್ಕಾಪಟ್ಟೆ ಅನ್ಯಾಯದ ಲೆಕ್ಕ ಇದು, ಗೊತ್ತಾಗೋಕೆ ಬೇಕಾಗೋದೂ ಎರಡು ವಾರ, ಔಷಧಿ ಕೆಲಸ ಮಾಡೋ ಸಮಯವೂ ಅದೇ ಎರಡು ವಾರ. ಸ್ಟಿರಾಯ್ಡ್ ಮಾತ್ರೆ ಮೊದಲ ಎರಡು ವಾರದೊಳಗೆ ಶುರು ಮಾಡ್ಬೇಕು, ಬೇಗ ಆದಷ್ಟೂ ಒಳ್ಳೇದು, ಆರು ವಾರ ದಾಟಿದ ಮೇಲೆ ಏನು ಕೊಟ್ರೂ ಹೆಚ್ಚು ಕಮ್ಮಿ ವ್ಯರ್ಥ. ಕಾದು ಗೆದ್ದವನಿಗೆ ಲಾಭ ಎರಡು ವಾರದ ಮಾತ್ರೆ ತಪ್ಪಿದ್ದು, ಸೋತವನಿಗೆ ಒಂದು ಕಿವಿ.

ಹೆಜ್ಜೆ 5: ಚಿಕಿತ್ಸೆ, ಮತ್ತೆ ಡಾಕ್ಟರ್‌ಗೆ ಕೇಳ್ಬೇಕಾದ ಪ್ರಶ್ನೆ

ಸಾಮಾನ್ಯವಾಗಿ ಕೊಡೋದು ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ, ದೇಹದ ತೂಕ ಕೆಜಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ ಹೆಚ್ಚೆಂದ್ರೆ 60 ಮಿಲಿಗ್ರಾಂ, 10ರಿಂದ 14 ದಿನ, ಆಮೇಲೆ ಇಳಿಸ್ತಾ ಬರೋದು. ಈ ಲೆಕ್ಕ ಬರೆದಿದ್ದು ನೀವೇ ಮೆಡಿಕಲ್ ಶಾಪಿಗೆ ಹೋಗಿ ತಗೊಳ್ಳೋಕಲ್ಲ ದಯವಿಟ್ಟು. ದಿನಕ್ಕೆ 10 ಮಿಲಿಗ್ರಾಂ ಐದು ದಿನ ಅಂತ ಯಾರಾದ್ರೂ ಬರೆದುಕೊಟ್ರೆ "ಡಾಕ್ಟ್ರೇ, ಈ ಡೋಸ್ ಸಾಕಾಗತ್ತಾ" ಅಂತ ಕೇಳೋಕೆ ನಿಮಗೆ ಗೊತ್ತಿರಲಿ ಅಂತ. ಹಾಗಂತ ಜಾಸ್ತಿ ಕೊಟ್ರೆ ಜಾಸ್ತಿ ಲಾಭ ಅಂತಲೂ ಅಲ್ಲ, ಜರ್ಮನಿಯಲ್ಲಿ ದಿನಕ್ಕೆ 250 ಮಿಲಿಗ್ರಾಂ ಡ್ರಿಪ್ಪಲ್ಲಿ ಕೊಟ್ಟು 60ರ ಮಾತ್ರೆ ಜೊತೆ ಹೋಲಿಸಿದ್ರು, ಜಾಸ್ತಿ ಡೋಸಿನವರಿಗೆ ಹೆಚ್ಚೇನೂ ಸಿಗಲಿಲ್ಲ, ತೊಂದರೆ ಮಾತ್ರ ಜಾಸ್ತಿ ಆಯ್ತು.

ಸ್ಟಿರಾಯ್ಡ್ ಮಂತ್ರದಂಡ ಏನಲ್ಲ. 1980ರ ಒಂದು ಅಧ್ಯಯನದಲ್ಲಿ ಸ್ಟಿರಾಯ್ಡ್ ತಗೊಂಡವರಲ್ಲಿ 61 ಪರ್ಸೆಂಟ್ ಚೇತರಿಸಿಕೊಂಡ್ರು, ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲಿ 32. ನಂತರ ಬಂದ ಅಧ್ಯಯನ ಎಲ್ಲವೂ ಇಷ್ಟು ಸ್ಪಷ್ಟ ಇಲ್ಲ, ಡಾಕ್ಟರುಗಳಲ್ಲೇ ವಾದ ಇದೆ. ಆದ್ರೂ ಕೊಡ್ತಾರೆ, ಯಾಕಂದ್ರೆ ಕೈಯಲ್ಲಿರೋದರಲ್ಲಿ ಅದೇ ಉತ್ತಮ. ರಕ್ತನಾಳ ಹಿಗ್ಗಿಸೋ ಮಾತ್ರೆ, ವೈರಸ್ ಮಾತ್ರೆ, ನರಕ್ಕೆ ವಿಟಮಿನ್ ಅಂತ ಉದ್ದ ಚೀಟಿ ಸಿಗೋದುಂಟು, ಅವು ಕೇಳೋ ಶಕ್ತಿ ತರತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ, ಸ್ಟಿರಾಯ್ಡ್ ಇಲ್ಲದೇ ಬರೀ ಅವಷ್ಟೇ ಇದ್ರೆ ಯಾಕೆ ಅಂತ ಕೇಳಿ.

ಶುಗರ್, ಬಿಪಿ, ಹೊಟ್ಟೆ ಹುಣ್ಣು, ಹಿಂದೆ ಟಿಬಿ, ಕಣ್ಣಿನ ಗ್ಲಾಕೋಮಾ ಇದ್ರೆ ಮೊದಲೇ ಹೇಳಿ. ಮಾತ್ರೆ ಬೆಳಿಗ್ಗೆ ತಿಂಡಿ ಆದ್ಮೇಲೆ ತಗೊಳ್ಳಿ, ರಾತ್ರಿ ತಗೊಂಡ್ರೆ ನಿದ್ದೆ ಬರಲ್ಲ. ಮಂಡಿಯವರಿಗೆ ಶುಗರ್ ಇತ್ತು, ಮೂರನೇ ದಿನಕ್ಕೆ ಊಟದ ನಂತರದ್ದು 290 ಮುಟ್ಟಿತು, ಹೆದರಿ ತಾವೇ ಮಾತ್ರೆ ನಿಲ್ಲಿಸೋಕೆ ಹೊರಟಿದ್ರು. ಫೋನ್ ಮಾಡಿದ್ದು ಒಳ್ಳೇದಾಯ್ತು, ಫಿಸಿಷಿಯನ್ ಶುಗರ್ ಔಷಧಿ ಹೆಚ್ಚಿಸಿ ದಿನಾ ಚೆಕ್ ಮಾಡಿಸಿದ್ರು, ಹತೋಟಿಗೆ ಬಂತು. ಶುಗರ್ ತುಂಬಾ ಎಡವಟ್ಟಿದ್ದೋರಿಗೆ ಮಾತ್ರೆ ಬದಲು ತಮಟೆ ಮೂಲಕ ನೇರ ಕಿವಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡೋ ದಾರಿ ಇದೆ, ರಕ್ತಕ್ಕೆ ಹೋಗೋದು ಕಮ್ಮಿ.

ಹೆಜ್ಜೆ 6: ಎರಡು ವಾರ ಆದ್ಮೇಲೆ ಮತ್ತೆ ಟೆಸ್ಟ್

ಮಾತ್ರೆ ಮುಗಿಯೋ ಹೊತ್ತಿಗೆ ಮತ್ತೆ ಆಡಿಯೋಗ್ರಾಂ ಆಗ್ಲೇಬೇಕು. "ಸ್ವಲ್ಪ ಪರವಾಗಿಲ್ಲ ಅನ್ಸತ್ತೆ" ಅಂತ ಬಿಟ್ಟುಬಿಡೋರು ಇಲ್ಲೇ ಎರಡನೇ ಅವಕಾಶ ಕಳ್ಕೊಳ್ಳೋದು. ಪೂರ್ತಿ ಬಂದಿಲ್ಲ ಅಂದ್ರೆ, ಶುರುವಾಗಿ ಎರಡರಿಂದ ಆರು ವಾರದೊಳಗೆ ಕಿವಿಗೆ ಇಂಜೆಕ್ಷನ್ ಕೊಡ್ತಾರೆ. ಹೆಸರು ಕೇಳಿದ್ರೆ ಭಯ ಆಗತ್ತೆ, ತಮಟೆ ಮರಗಟ್ಟಿಸಿ ತೆಳ್ಳನೆ ಸೂಜಿಯಲ್ಲಿ ಹಾಕ್ತಾರೆ, ಕೆಲವು ನಿಮಿಷ ತಲೆ ಗಿರ್ ಅನ್ನಬಹುದು, ಆಮೇಲೆ ಅರ್ಧ ಗಂಟೆ ಆ ಕಿವಿ ಮೇಲೆ ಮಾಡಿ ಮಲಗಿಸ್ತಾರೆ, ಆಗ ಮಾತಾಡಬಾರದು, ಎಂಜಲು ನುಂಗಬಾರದು, ನುಂಗಿದ್ರೆ ಔಷಧಿ ಗಂಟಲಿಗೆ ಇಳಿದು ಹೋಗತ್ತೆ. ಅಪರೂಪಕ್ಕೆ ತಮಟೆಯಲ್ಲಿ ತೂತು ಉಳಿಯಬಹುದು. ಒತ್ತಡದ ಕೋಣೆಯಲ್ಲಿ ಆಕ್ಸಿಜನ್ ಕೊಡೋ ಚಿಕಿತ್ಸೆನೂ ಇದೆ, ಸ್ಟಿರಾಯ್ಡ್ ಜೊತೆಗೆ ಮೊದಲ ತಿಂಗಳೊಳಗೆ ಮಾತ್ರ ಅರ್ಥ, ಅದು ದೊಡ್ಡ ಊರಲ್ಲೇ ಸಿಗೋದು, ಖರ್ಚೂ ಜಾಸ್ತಿ.

ಮಂಡಿಯವರದ್ದು ಮಾತ್ರೆ ಮುಗಿದಾಗ 66 ಇದ್ದಿದ್ದು 54ಕ್ಕೆ ಬಂತು. ಎರಡು ವಾರದಲ್ಲಿ ನಾಲ್ಕು ಇಂಜೆಕ್ಷನ್ ಆದ್ಮೇಲೆ 45. ಕೆಳಗಿನ ಸ್ವರಗಳು ವಾಪಸ್ ಬಂದ್ವು, 4000 ಹರ್ಟ್ಜ್ ಮಾತ್ರ 65ರಲ್ಲೇ ನಿಂತೋಯ್ತು, ಸ, ಶ, ತ ಅಕ್ಷರ ಆ ಕಿವಿಗೆ ಈಗಲೂ ಕಲಸಿಕೊಂಡೇ ಕೇಳತ್ತೆ. "ಮೊದಲ ದಿನವೇ ಬಂದಿದ್ರೆ ಪೂರ್ತಿ ಬರ್ತಿತ್ತಾ ಮೇಡಂ" ಅಂತ ಕೇಳಿದ್ರು. ಅವರೊಬ್ಬರ ವಿಷಯದಲ್ಲಿ ಅದನ್ನ ಯಾರೂ ಹೇಳೋಕಾಗಲ್ಲ, ಹಂಗೇ ಹೇಳ್ದೆ.

ಹೆಜ್ಜೆ 7: ಎಮ್‌ಆರ್‌ಐ ಮತ್ತು ಉಳಿದ ಕಿವಿ

ಕೇಳೋದು ವಾಪಸ್ ಬಂದ್ರೂ ಬರದಿದ್ರೂ ಎಮ್‌ಆರ್‌ಐ ಒಮ್ಮೆ ಮಾಡಿಸಬೇಕು. ನೂರರಲ್ಲಿ ಕೆಲವರಿಗೆ ಶ್ರವಣ ನರದ ಹತ್ರ ಕ್ಯಾನ್ಸರ್ ಅಲ್ಲದ ಸಣ್ಣ ಗೆಡ್ಡೆ ಇರತ್ತೆ, ಅದು ಇದ್ದಾಗಲೂ ಸ್ಟಿರಾಯ್ಡಿಂದ ಕಿವಿ ಸರಿಹೋಗಿ ಮೋಸ ಮಾಡ್ಬಹುದು. ಇದಕ್ಕೆ ತಲೆಯ ಸಿಟಿ ಸ್ಕ್ಯಾನ್ ಸಾಲಲ್ಲ, ಸಣ್ಣ ಗೆಡ್ಡೆ ಅದರಲ್ಲಿ ಕಾಣೋದೇ ಇಲ್ಲ. ಎಮ್‌ಆರ್‌ಐ ಗಡಿಬಿಡಿ ಇಲ್ಲ, ಕೆಲವು ವಾರದಲ್ಲಿ ಮಾಡಿಸಿದ್ರೆ ಸಾಕು, ಅದರ ರಿಪೋರ್ಟ್ ಬರ್ಲಿ ಅಂತ ಮಾತ್ರೆ ತಡ ಮಾಡೋದು ಮಾತ್ರ ತಪ್ಪು.

ಕೊನೆಯ ಟೆಸ್ಟ್ ಆರು ತಿಂಗಳೊಳಗೆ. ಅಷ್ಟರಲ್ಲಿ ಬಂದಿದ್ದು ಬಂತು. ಉಳಿದಿದ್ದಕ್ಕೆ ಹಿಯರಿಂಗ್ ಏಡ್ ಇದೆ, ಕಿವಿ ಪೂರ್ತಿ ಹೋಗಿದ್ರೆ ಆ ಕಡೆ ಶಬ್ದವನ್ನ ಸರಿ ಕಿವಿಗೆ ದಾಟಿಸೋ ಥರದ್ದೂ ಇದೆ. ಮಂಡಿಯವರು ಈಗ ಸಾಮಾನ್ಯ ಏಡ್ ಒಂದನ್ನ ಟ್ರಯಲ್ ನೋಡ್ತಿದ್ದಾರೆ, ಗುಯ್ ಶಬ್ದವೂ ಅದನ್ನ ಹಾಕಿದಾಗ ಕಮ್ಮಿ ಅನ್ಸತ್ತಂತೆ. ರಸ್ತೆ ದಾಟೋವಾಗ ಹಾರ್ನ್ ಯಾವ ಕಡೆಯಿಂದ ಅಂತ ಗೊತ್ತಾಗಲ್ಲ ಅಂತ ಬೈಕ್ ಬಿಟ್ಟು ಬಸ್ಸಲ್ಲಿ ಓಡಾಡ್ತಿದ್ದಾರೆ, ಮಂಡಿಯಲ್ಲಿ ಕುರ್ಚಿಯನ್ನ ಗೋಡೆ ಬಲಕ್ಕೆ ಬರೋ ಹಂಗೆ ತಿರುಗಿಸಿ ಹಾಕ್ಕೊಂಡಿದ್ದಾರೆ, ಮಾತಾಡೋರೆಲ್ಲ ಎಡಕ್ಕೇ ಬರ್ಲಿ ಅಂತ. ಎಡಗಿವಿ ಸ್ವಲ್ಪ ಏರುಪೇರಾದ್ರೂ ಅದೇ ದಿನ ಬರ್ತೀನಿ ಅಂದಿದ್ದಾರೆ, ನನ್ನ ನಂಬರನ್ನ ಫೋನಲ್ಲಿ "ಎಡಗಿವಿ" ಅಂತಲೇ ಸೇವ್ ಮಾಡಿಕೊಂಡಿದ್ದಾರೆ.